ತೋಟಕ್ಕೆ ಮದ್ದು ಹೊಡದಾತಾ? ಕೇಳದೆ ಕೇಳುವ ಕೋರಿಕೆಯ ಲೆಕ್ಕ

(ಶಿರಸಿಯಲ್ಲಿ ಭಾಷೆಯ ಅಧ್ಯಾಪಕರು ಮತ್ತು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದು ಪುಟ್ಟ ಸಂಭಾಷಣೆಯನ್ನು ಎದುರಿಗಿಟ್ಟುಕೊಂಡು ಮಾತು ಶುರು ಮಾಡೋಣ. ಜುಲೈ ತಿಂಗಳು, ಮಳೆ ಹಿಡಿದು ಹೊಡೆಯುತ್ತಿದೆ. ಕೊಡೆ ಮಡಚುತ್ತ ಜಗಲಿ ಹತ್ತಿದ ಭಟ್ಟರು ಹೆಗಡೆಯವರನ್ನು ಕೇಳುತ್ತಾರೆ.

"ಹೆಗಡೇರೆ, ತೋಟಕ್ಕೆ ಮದ್ದು ಹೊಡದಾತಾ?"

"ಎಲ್ಲಿ ಭಟ್ರೆ, ಮೇಲಿನ ತುಂಡು ಹಂಗೇ ಇದ್ದು. ಮಳೆ ಬಿಡ್ತೇ ಇಲ್ಲೆ."

"ಹೌದು ಹೌದು, ಈ ಸಲ ವಿಪರೀತ ಮಳೆ."

ಆಮೇಲೆ ಕವಳದ ತಟ್ಟೆ ಬರುತ್ತದೆ, ಮಾತು ಬೇರೆ ಕಡೆ ಹೋಗುತ್ತದೆ. ಹೊರಗಿನವರು ಯಾರಾದರೂ ಇದನ್ನು ಕೇಳಿಸಿಕೊಂಡರೆ ಇಬ್ಬರೂ ಮಳೆಯ ಸುದ್ದಿ ಆಡಿದರು ಎಂದುಕೊಂಡಾರು. ಈ ಸಭೆಯಲ್ಲಿ ತೋಟ ಇದ್ದವರಿಗೆ ನಡೆದದ್ದೇನು ಎಂದು ಆಗಲೇ ಗೊತ್ತಾಗಿದೆ. ಅಡಿಕೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನನ್ನು ತಮ್ಮ ತೋಟಕ್ಕೆ ಕಳಿಸಿ ಎಂದು ಭಟ್ಟರು ಕೇಳಿದರು, ಹೆಗಡೆಯವರು ಈಗ ಆಗುವುದಿಲ್ಲ ಎಂದರು, ಭಟ್ಟರು ಬೇಸರ ಮಾಡಿಕೊಳ್ಳದೆ ಒಪ್ಪಿದರು. ಕೋರಿಕೆಯ ಮಾತಾಗಲಿ ನಿರಾಕರಣೆಯ ಮಾತಾಗಲಿ ಯಾರ ಬಾಯಿಂದಲೂ ಹೊರಬಿದ್ದಿಲ್ಲ. ಕೊನೆಗೌಡನ ಹೆಸರು ಕೂಡ ಬಂದಿಲ್ಲ. ಈ ಮೂರು ಸಾಲು ಹೇಗೆ ಕೆಲಸ ಮಾಡಿದವು ಎಂಬುದನ್ನು ಬಿಚ್ಚಿ ನೋಡುವುದೇ ಇವತ್ತಿನ ವಿಷಯ. ಭಾಷಾವಿಜ್ಞಾನದಲ್ಲಿ ಇದನ್ನು ನೋಡುವ ಶಾಖೆಗೆ ಪ್ರಾಗ್ಮ್ಯಾಟಿಕ್ಸ್ ಎನ್ನುತ್ತಾರೆ.

ಮೊದಲು ಸಂದರ್ಭವನ್ನು ಸ್ಪಷ್ಟ ಮಾಡಿಕೊಳ್ಳೋಣ. ಕೊಳೆ ರೋಗ ತಡೆಯಲು ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ, ಆಮೇಲೆ 40ರಿಂದ 45 ದಿನಕ್ಕೆ ಇನ್ನೊಮ್ಮೆ ಅಡಿಕೆ ಕೊನೆಗೆ ಹೊಡೆಯಬೇಕು. ಎರಡನೆಯ ಸುತ್ತು ಬರುವುದು ಮಳೆಯ ನಡುವೆಯೇ. ಸ್ವಲ್ಪ ಹೊಳವಾದಾಗ ಮಾತ್ರ ಮರ ಹತ್ತಲು ಸಾಧ್ಯ, ಹತ್ತುವವರೋ ಬೆರಳೆಣಿಕೆಯಷ್ಟು ಜನ. ಒಬ್ಬನೇ ಕೊನೆಗೌಡ ಇಬ್ಬರ ತೋಟಕ್ಕೂ ಹೋಗುತ್ತಾನೆ, ಈಗ ಹೆಗಡೆಯವರಲ್ಲಿದ್ದಾನೆ. ಇದಿಷ್ಟೂ ಇಬ್ಬರಿಗೂ ಗೊತ್ತು. ಇನ್ನೊಬ್ಬರಿಗೆ ಗೊತ್ತಿದೆ ಎಂಬುದೂ ಇಬ್ಬರಿಗೂ ಗೊತ್ತು. ಕೊನೆಯ ಅಂಶ ಮುಖ್ಯ, ಅದಿಲ್ಲದಿದ್ದರೆ ಮುಂದಿನ ಲೆಕ್ಕ ಕೂಡುವುದಿಲ್ಲ.

ಈಗ ವಾಕ್ಯವನ್ನು ಹಾಗೆಯೇ ಇಟ್ಟು ಕೇಳುವವರನ್ನು ಮಾತ್ರ ಬದಲಿಸಿ. ಕೊಳೆ ರೋಗದ ಹಾನಿಯ ಲೆಕ್ಕ ಬರೆದುಕೊಳ್ಳಲು ಬಂದ ಅಧಿಕಾರಿ "ಮದ್ದು ಹೊಡೆದಾಯ್ತಾ?" ಎಂದರೆ ಅದು ಬರಿಯ ಪ್ರಶ್ನೆ. ಆಯಿತು, ಇಲ್ಲ ಎಂದರೆ ಮುಗಿಯಿತು. ಈ ಮದ್ದಿಗೆ ಬೇಕಾದ ಮೈಲುತುತ್ತ ಮಾರುವ ಅಂಗಡಿಯವರು ಕೇಳಿದರೆ ಇನ್ನೂ ಮಾಲು ಬೇಕೇ ಎಂದು ಅರ್ಥ. ಮದ್ದಿಗೆಂದು ದುಡ್ಡು ಕೊಟ್ಟು ಹೋದ ಅಣ್ಣ ಬೆಂಗಳೂರಿನಿಂದ ಫೋನ್ ಮಾಡಿ ಕೇಳಿದರೆ ಅದರಲ್ಲಿ ಆಕ್ಷೇಪಣೆ ಇರುತ್ತದೆ, ತಮ್ಮ ಕೂಡಲೇ ಸಮಜಾಯಿಷಿ ಕೊಡಲು ಶುರು ಮಾಡುತ್ತಾನೆ.

ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಇದು ಹೊಸದೇನಲ್ಲ. 11ನೇ ಶತಮಾನದ ಕಾಶ್ಮೀರದ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ "ಗತೋಽಸ್ತಮರ್ಕಃ", ಅಂದರೆ ಸೂರ್ಯ ಮುಳುಗಿದ, ಎಂಬ ಒಂದೇ ವಾಕ್ಯವನ್ನು ಹಿಡಿದುಕೊಂಡು ಇದನ್ನೇ ತೋರಿಸುತ್ತಾನೆ. ಯಾರು ಯಾರಿಗೆ ಹೇಳಿದರು ಎಂಬುದರ ಮೇಲೆ ಅದು ಶತ್ರುವಿನ ಮೇಲೆ ಬೀಳಲು ಇದೇ ಸಮಯ ಎಂದೂ ಆಗುತ್ತದೆ, ದನಗಳನ್ನು ಕೊಟ್ಟಿಗೆಗೆ ಹೊಡೆಯಿರಿ ಎಂದೂ ಆಗುತ್ತದೆ, ಕೆಲಸ ನಿಲ್ಲಿಸೋಣ ಎಂದೂ ಆಗುತ್ತದೆ. ಇಂಥ ಅರ್ಥ ಯಾವುದರಿಂದ ಹೊಮ್ಮುತ್ತದೆ ಎಂಬುದಕ್ಕೆ ಆತ ಪಟ್ಟಿಯನ್ನೂ ಕೊಡುತ್ತಾನೆ. ಹೇಳುವವನು, ಕೇಳುವವನು, ಕಾಕು ಅಂದರೆ ದನಿಯ ಏರಿಳಿತ, ಹತ್ತಿರದಲ್ಲಿರುವ ಮೂರನೆಯವರು, ಪ್ರಸ್ತಾಪ, ದೇಶ, ಕಾಲ ಇವೆಲ್ಲ ಅದರಲ್ಲಿ ಬರುತ್ತವೆ. ಸಂದರ್ಭ ಅಂದರೇನು ಎಂದು ವಿದ್ಯಾರ್ಥಿಗಳು ಕೇಳಿದಾಗ ಈ ಪಟ್ಟಿಯಿಂದ ಶುರು ಮಾಡುವುದು ಈಗಲೂ ಒಳ್ಳೆಯ ದಾರಿ. ಪಾಶ್ಚಾತ್ಯ ತತ್ತ್ವಜ್ಞಾನಿಗಳು 20ನೇ ಶತಮಾನದಲ್ಲಿ ಮಾಡಿದ ಕೆಲಸ ಬೇರೆ ಬಗೆಯದು. ಕೇಳುವವನು ವಾಕ್ಯದಿಂದ ಆ ಅರ್ಥದವರೆಗೆ ಯಾವ ಯಾವ ಮೆಟ್ಟಿಲು ಹತ್ತಿ ಹೋದ ಎಂಬುದನ್ನು ಅವರು ಒಂದೊಂದಾಗಿ ಬರೆದು ತೋರಿಸಲು ನೋಡಿದರು.

ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇದಕ್ಕೆ ತಳಹದಿ ಹಾಕಿದರು. ಅದರ ಮುಖ್ಯ ಭಾಗ ಅಚ್ಚಾದದ್ದು 1975ರಲ್ಲಿ. ಮಾತಿಗೆ ಕೂತವರು ಒಬ್ಬರಿಗೊಬ್ಬರು ಸಹಕರಿಸುತ್ತಾರೆ ಎಂದು ನಾವು ನಂಬಿರುತ್ತೇವೆ ಎಂಬುದು ಅವರ ವಾದ. ಬೇಕಾದಷ್ಟೇ ಹೇಳುತ್ತಾರೆ, ನಿಜ ಹೇಳುತ್ತಾರೆ, ಸಂಬಂಧಪಟ್ಟದ್ದನ್ನು ಹೇಳುತ್ತಾರೆ, ಗೊಂದಲವಿಲ್ಲದೆ ಹೇಳುತ್ತಾರೆ. ಯಾರಾದರೂ ಇದನ್ನು ಮೀರಿದಂತೆ ಕಂಡರೆ ನಾವು ತಕ್ಷಣ ಅವರನ್ನು ದಡ್ಡರೆಂದು ತೀರ್ಮಾನಿಸುವುದಿಲ್ಲ, ಬೇರೇನೋ ಹೇಳುತ್ತಿದ್ದಾರೆ ಎಂದು ಹುಡುಕುತ್ತೇವೆ. ಹಾಗೆ ಹುಡುಕಿ ಸಿಕ್ಕಿದ್ದಕ್ಕೆ ಗ್ರೈಸ್ ಇಂಪ್ಲಿಕೇಚರ್ ಎಂದರು. ನಾವಿಲ್ಲಿ ಸೂಚಿತಾರ್ಥ ಎನ್ನೋಣ. ಅದೇ 1975ರಲ್ಲಿ ಜಾನ್ ಸರ್ಲ್ ಪರೋಕ್ಷ ಮಾತಿನ ಬಗ್ಗೆ ಬರೆದ ಪ್ರಬಂಧದಲ್ಲಿ ಎರಡೇ ವಾಕ್ಯದ ಒಂದು ಸಂಭಾಷಣೆಯನ್ನು ಹತ್ತು ಮೆಟ್ಟಿಲಾಗಿ ಬಿಡಿಸಿದ್ದಾರೆ. ಸಿನಿಮಾಕ್ಕೆ ಹೋಗೋಣ ಎಂದು ಒಬ್ಬರು ಕರೆಯುತ್ತಾರೆ, ಪರೀಕ್ಷೆಗೆ ಓದಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ, ಅಷ್ಟೇ.

ಹೆಗಡೆಯವರ ತಲೆಯಲ್ಲಿ ಓಡಿದ ಲೆಕ್ಕವನ್ನು ನಾವೂ ಹಾಗೇ ಬರೆಯಬಹುದು. ನನ್ನ ತೋಟಕ್ಕೆ ಮದ್ದು ಹೊಡೆದಾಯಿತೇ ಎಂದು ಭಟ್ಟರು ಕೇಳಿದ್ದಾರೆ. ಸುಮ್ಮನೆ ಕೇಳಿರಲಾರರು, ಈ ಮಳೆಯಲ್ಲಿ ಇಷ್ಟು ದೂರ ನಡೆದು ಬಂದಿದ್ದಾರೆ. ನನ್ನ ತೋಟದ ಸ್ಥಿತಿ ತಿಳಿದು ಅವರಿಗೆ ನೇರವಾಗಿ ಆಗಬೇಕಾದದ್ದೇನೂ ಇಲ್ಲ. ಹಾಗಾದರೆ ಈ ಪ್ರಶ್ನೆಯ ಉತ್ತರದ ಮೇಲೆ ಅವರಿಗೆ ಬೇಕಾದ ಇನ್ನೇನೋ ನಿಂತಿದೆ. ಏನು ನಿಂತಿದೆ? ನನ್ನ ಕೆಲಸ ಮುಗಿದಿದ್ದರೆ ಕೊನೆಗೌಡ ಬಿಡುವಾಗಿರುತ್ತಾನೆ. ಅವರ ತೋಟದ ಎರಡನೆಯ ಸುತ್ತು ಬಾಕಿ ಇದೆ. ಇದು ನನಗೆ ಗೊತ್ತಿದೆ ಎಂದು ತಿಳಿದೇ ಅವರು ಹೀಗೆ ಕೇಳಿದ್ದಾರೆ. ಆದ್ದರಿಂದ ಅವರಿಗೆ ಕೊನೆಗೌಡ ಬೇಕು. ನಾವು ಇದನ್ನು ಬರೆಯಲು ಒಂದು ಪ್ಯಾರಾ ತೆಗೆದುಕೊಂಡೆವು, ಜಗಲಿಯ ಮೇಲೆ ಇದಕ್ಕೆ ಸೆಕೆಂಡೂ ಹಿಡಿಯುವುದಿಲ್ಲ. ಮನಸ್ಸಿನಲ್ಲಿ ಇಷ್ಟೂ ಮೆಟ್ಟಿಲು ನಿಜವಾಗಿ ನಡೆಯುತ್ತವೆಯೇ ಎಂಬ ತಕರಾರು ಇದ್ದದ್ದೇ. ಗ್ರೈಸ್ ಕೇಳಿದ್ದು ಅಷ್ಟಲ್ಲ. ಕೇಳುಗ ಸೂಚಿತಾರ್ಥವನ್ನು ಒಂದೇ ಏಟಿಗೆ ಹಿಡಿದಿರಬಹುದು, ಆದರೆ ಕೇಳಿದರೆ ಅದಕ್ಕೆ ಹೀಗೊಂದು ಲೆಕ್ಕ ಕೊಡಲು ಸಾಧ್ಯವಿರಬೇಕು ಎಂಬುದಷ್ಟೇ ಅವರ ಷರತ್ತು.

ಭಟ್ಟರು ಆ ಪ್ರಶ್ನೆಯನ್ನೇ ಆರಿಸಿದ್ದೇಕೆ? ಮಳೆಯ ಬಗ್ಗೆಯೋ ಅಡಿಕೆ ದರದ ಬಗ್ಗೆಯೋ ಕೇಳಿದ್ದರೆ ಕೊನೆಗೌಡನವರೆಗೆ ದಾರಿ ಇರುತ್ತಿರಲಿಲ್ಲ. ಸರ್ಲ್ ಇದನ್ನು ಚೆನ್ನಾಗಿ ಕಂಡಿದ್ದರು. ಒಂದು ಕೋರಿಕೆ ಕೂಡಿಬರಲು ಕೆಲವು ಷರತ್ತುಗಳಿವೆ. ಕೇಳಿಸಿಕೊಂಡವರಿಗೆ ಆ ಕೆಲಸ ಮಾಡಲು ಆಗಬೇಕು, ಕೇಳುವವರಿಗೆ ಅದು ನಿಜವಾಗಿ ಬೇಕಿರಬೇಕು, ಕೆಲಸ ಇನ್ನು ಮುಂದೆ ಆಗಬೇಕಾದದ್ದಾಗಿರಬೇಕು. ಪರೋಕ್ಷ ಕೋರಿಕೆ ಎಂದರೆ ಬಹುಮಟ್ಟಿಗೆ ಇವುಗಳಲ್ಲಿ ಒಂದನ್ನು ಮುಟ್ಟುವುದು. ಆಗುತ್ತದೆಯೇ ಎಂದು ಕೇಳಬಹುದು, ಬೇಕಿತ್ತು ಎಂದು ಹೇಳಬಹುದು, ಮಾಡುತ್ತೀರಾ ಎಂದು ಕೇಳಬಹುದು, ಇಲ್ಲವೇ ಯಾಕೆ ಬೇಕು ಎಂಬ ಕಾರಣವನ್ನಷ್ಟೇ ಇಡಬಹುದು. ಭಟ್ಟರು ಮೊದಲನೆಯದನ್ನು, ಅದೂ ಒಂದು ಹೆಜ್ಜೆ ಹಿಂದೆ ನಿಂತು ಮುಟ್ಟಿದರು. ಹೆಗಡೆಯವರು ಅದೇ ಷರತ್ತನ್ನು ಅಲ್ಲಗಳೆದರು. ಮೇಲಿನ ತುಂಡು ಬಾಕಿ, ಆದ್ದರಿಂದ ಆಳು ಬಿಡುವಿಲ್ಲ. ಮಳೆಯ ಮಾತು ಸೇರಿಸಿದ್ದು ಸುಮ್ಮನಲ್ಲ. ಅಡ್ಡ ಬಂದದ್ದು ಮಳೆ, ಮನಸ್ಸಿಲ್ಲದೆ ಅಲ್ಲ ಎಂದು ಅದು ತಿಳಿಸುತ್ತದೆ.

ಯಾವ ಷರತ್ತನ್ನು ಮುಟ್ಟುವುದು ರೂಢಿ ಎಂಬುದು ಭಾಷೆಯಿಂದ ಭಾಷೆಗೆ ಬೇರೆ. ಇಂಗ್ಲಿಷಿನ ಪಠ್ಯಪುಸ್ತಕಗಳಲ್ಲಿ ಊಟದ ಮೇಜಿನ ಉಪ್ಪಿನ ಉದಾಹರಣೆ ತಪ್ಪದೆ ಬರುತ್ತದೆ, ಸಾಮರ್ಥ್ಯವನ್ನು ಕೇಳುವ ಪ್ರಶ್ನೆಯಾಗಿ. ಪಂಕ್ತಿಯಲ್ಲಿ ಕೂತು ಬಡಿಸುವವರಿಗೆ "ಉಪ್ಪು ಕೊಡಲು ನಿಮಗೆ ಸಾಧ್ಯವೇ?" ಎಂದು ಕೇಳಿ ನೋಡಿ, ಎಲ್ಲರೂ ತಿರುಗಿ ನೋಡುತ್ತಾರೆ. ನಮ್ಮಲ್ಲಿ "ಉಪ್ಪು ಇದ್ದಾ?" ಎಂದೋ "ಈ ಬದಿಗೆ ಉಪ್ಪು ಬರಲಿಲ್ಲ" ಎಂದೋ ಹೇಳುವುದು ರೂಢಿ. ಇದೆಯೇ ಎಂದು ಕೇಳುವುದು ಕನ್ನಡದಲ್ಲಿ ಅತ್ಯಂತ ಸವೆದ ದಾರಿ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ "ಬಂಗಡೆ ಇದ್ಯಾ?" ಎಂದರೆ ಮಾರುವಾಕೆ "ಇದೆ" ಎಂದು ಹೇಳಿ ಸುಮ್ಮನೆ ಕೂರುವುದಿಲ್ಲ. "ಎಷ್ಟು ಬೇಕು?" ಎನ್ನುತ್ತಾಳೆ, ಇಲ್ಲವೇ ಬುಟ್ಟಿಯ ಮೇಲಿನ ಮುಚ್ಚಳ ಸರಿಸುತ್ತಾಳೆ. ಕೇಳಿದ ಪ್ರಶ್ನೆಯನ್ನು ದಾಟಿ, ಇನ್ನೂ ಬಾರದ ಕೋರಿಕೆಗೇ ಉತ್ತರ ಕೊಟ್ಟಾಯಿತು.

ಸ್ಟೀಫನ್ ಲೆವಿನ್ಸನ್ 1983ರ ತಮ್ಮ ಪುಸ್ತಕದಲ್ಲಿ ಪರೋಕ್ಷ ಕೋರಿಕೆಗಳನ್ನು ಹೀಗೆ ನೋಡಬಹುದೆಂದು ಸೂಚಿಸಿದರು. ಇಂಥ ಪ್ರಶ್ನೆ ಕೋರಿಕೆಗೆ ಮುಂಚಿನ ಹೆಜ್ಜೆ. ನಿಜವಾದ ಕೋರಿಕೆ ಇಟ್ಟರೆ ಇಲ್ಲ ಎನಿಸಿಕೊಳ್ಳುವ ಸಂಭವ ಇದೆಯೇ ಎಂದು ಮೊದಲು ನೋಡಿಕೊಳ್ಳುವುದು ಅದರ ಉದ್ದೇಶ. ದಾರಿ ಸರಾಗವಾಗಿದ್ದರೆ ಎದುರಿನವರೇ ಮುಂದೆ ಬಂದು ಕೊಟ್ಟುಬಿಡುತ್ತಾರೆ. ಇಲ್ಲದಿದ್ದರೆ ಕೋರಿಕೆ ಹುಟ್ಟುವುದೇ ಇಲ್ಲ, ಹಾಗಾಗಿ ಯಾರೂ ಯಾರಿಗೂ ಇಲ್ಲ ಎಂದಂತಾಗುವುದಿಲ್ಲ. ಭಟ್ಟರ ಜಗಲಿ ಮಾತಿಗೆ ಸರ್ಲ್ ಅವರ ಹತ್ತು ಮೆಟ್ಟಿಲಿಗಿಂತ ಈ ವಿವರಣೆ ಹೆಚ್ಚು ಹೊಂದುತ್ತದೆ ಎಂದು ನಮ್ಮ ಅಭಿಪ್ರಾಯ. ನಾಳೆ ಕೊನೆಗೌಡನಿಗಾಗಿ ಇಬ್ಬರಿಗೂ ಮನಸ್ತಾಪ ಬರಬಾರದು ಎಂಬ ಹಂಗು ಇರುವ ಕಡೆಯಲ್ಲೇ ಇಂಥ ಮಾತು ಹೆಚ್ಚು.

ಇನ್ನು ಒಂದು ಪ್ರಾಯೋಗಿಕ ಪ್ರಶ್ನೆ. ನಾವು ಧ್ವನಿಮುದ್ರಣ ಇಟ್ಟುಕೊಂಡು ಕೂತಿದ್ದೇವೆ, ಒಂದು ವಾಕ್ಯ ಬರಿಯ ಪ್ರಶ್ನೆಯೋ ಕೋರಿಕೆಯೋ ಎಂದು ಹೇಗೆ ತೀರ್ಮಾನಿಸುವುದು? ವಿದ್ಯಾರ್ಥಿಗಳು ಸಾಮಾನ್ಯವಾಗಿ ಆ ವಾಕ್ಯವನ್ನೇ ದಿಟ್ಟಿಸುತ್ತ ಕೂರುತ್ತಾರೆ, ಅಲ್ಲಿ ಏನೂ ಸಿಗುವುದಿಲ್ಲ. ನೋಡಬೇಕಾದದ್ದು ಮುಂದಿನ ಸರದಿಯ ಮಾತನ್ನು. ಅಧಿಕಾರಿಗೆ ಹೆಗಡೆಯವರು "ಇಲ್ಲ, ಮೇಲಿನ ತುಂಡು ಬಾಕಿ" ಎಂದು ಹೇಳಿ ನಿಲ್ಲಿಸುತ್ತಾರೆ. ಭಟ್ಟರಿಗೆ ಹೇಳುವಾಗ ಕಾರಣ ಸೇರುತ್ತದೆ. ಕೇಳದೆಯೇ ಕಾರಣ ಬಂತು ಎಂದರೆ ಕೇಳಿಸಿಕೊಂಡವರಿಗೆ ಅಲ್ಲಿ ಕೋರಿಕೆ ಕೇಳಿಸಿದೆ. ಆರಂಭದ "ಎಲ್ಲಿ ಭಟ್ರೆ" ಎಂಬುದನ್ನೂ ಗಮನಿಸಿ. ಒಪ್ಪಿಗೆ ಸಾಮಾನ್ಯವಾಗಿ ಥಟ್ಟನೆ ಬರುತ್ತದೆ. ನಿರಾಕರಣೆ ತುಸು ತಡವಾಗಿ, ಹೀಗೆ ಏನಾದರೊಂದು ಮುನ್ನುಡಿ ಹೊತ್ತು ಬರುತ್ತದೆ. ಜಗತ್ತಿನ ಹತ್ತು ಭಾಷೆಗಳ ಸಂಭಾಷಣೆ ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಆ ಹತ್ತರಲ್ಲಿ ಕನ್ನಡ ಇಲ್ಲ. ಆದರೂ ಅರ್ಧ ಸೆಕೆಂಡ್ ಮೌನವಾದರೆ ನಮಗೂ ಕಿವಿಗೆ ಬೀಳುತ್ತದೆ, "ಮುಂದಿನ ವಾರ ಆದ್ರೂ ಅಡ್ಡಿಲ್ಲೆ" ಎಂದು ಕೇಳಿದವರೇ ಸಡಿಲಿಸುವುದು ಆ ಮೌನದಲ್ಲೇ. ಮೂರನೆಯ ಮಾತೂ ಸಾಕ್ಷಿ. ಭಟ್ಟರು "ಹೌದು ಹೌದು" ಎಂದು ಒಪ್ಪಿದ್ದು ಕಾರಣವನ್ನು. ಬರಿಯ ಸುದ್ದಿ ಕೇಳಲು ಬಂದಿದ್ದರೆ ಎಷ್ಟು ಮರ ಉಳಿದಿದೆ ಎಂದು ಕೇಳುತ್ತಿದ್ದರು.

ಉತ್ತರವನ್ನು ನೋಡಿ ಪ್ರಶ್ನೆಯನ್ನು ತಿಳಿಯುವ ಈ ವಿಧಾನವನ್ನು ಹರ್ಬರ್ಟ್ ಕ್ಲಾರ್ಕ್ 1979ರಲ್ಲಿ ಪ್ರಯೋಗವಾಗಿಯೇ ಮಾಡಿದರು. ಕ್ಯಾಲಿಫೋರ್ನಿಯಾದ ಅಂಗಡಿಗಳಿಗೆ ಫೋನ್ ಮಾಡಿಸಿ, ಎಷ್ಟು ಹೊತ್ತಿಗೆ ಮುಚ್ಚುತ್ತೀರಿ ಎಂಬಂಥ ವಿಷಯವನ್ನು ಬೇರೆ ಬೇರೆ ಬಗೆಯ ಪರೋಕ್ಷ ಪ್ರಶ್ನೆಯಾಗಿ ಕೇಳಿಸಿದರು. ಕೆಲವರು "ಹೌದು, ಆರಕ್ಕೆ" ಎಂದರು, ಕೆಲವರು ಬರಿಯ "ಆರಕ್ಕೆ" ಎಂದರು. ಮೊದಲನೆಯವರು ನೇರ ಪ್ರಶ್ನೆಗೂ ಒಳಗಿನ ಕೋರಿಕೆಗೂ ಉತ್ತರ ಕೊಟ್ಟಿದ್ದಾರೆ, ಎರಡನೆಯವರು ಕೋರಿಕೆಗೆ ಮಾತ್ರ. ಪ್ರಶ್ನೆಯ ರೂಪ ರೂಢಿಯಲ್ಲಿ ಸವೆದಷ್ಟೂ ಆ "ಹೌದು" ಉದುರಿಹೋಗುತ್ತದೆ. ನಮ್ಮ ಮೀನು ಮಾರುವಾಕೆಯ "ಎಷ್ಟು ಬೇಕು?" ಅದೇ.

ಇಷ್ಟು ಕೇಳಿದ ಮೇಲೆ ಸುತ್ತಿ ಬಳಸಿ ಹೇಳಿದಷ್ಟೂ ವಿನಯ ಹೆಚ್ಚು ಎಂದು ಅನ್ನಿಸಬಹುದು. ಶೋಶಾನಾ ಬ್ಲೂಮ್-ಕುಲ್ಕಾ 1987ರಲ್ಲಿ ಹೀಬ್ರೂ ಮತ್ತು ಇಂಗ್ಲಿಷ್ ಮಾತಾಡುವವರಿಗೆ ಬೇರೆ ಬೇರೆ ಕೋರಿಕೆಗಳನ್ನು ಕೊಟ್ಟು ಯಾವುದು ಹೆಚ್ಚು ವಿನಯದ್ದು ಎಂದು ಕೇಳಿದಾಗ ಹಾಗೆ ಬರಲಿಲ್ಲ. ಎರಡೂ ಕಡೆ ಹೆಚ್ಚು ವಿನಯದ್ದೆನಿಸಿದ್ದು ರೂಢಿಯ ಪರೋಕ್ಷ ಕೋರಿಕೆ. ಬರಿಯ ಸುಳಿವು ಕೊಡುವ ಮಾತು ಅದಕ್ಕಿಂತ ಕೆಳಗೆ ನಿಂತಿತು. ಸುಳಿವು ಕೊಟ್ಟರೆ ಲೆಕ್ಕ ಹಾಕುವ ಹೊರೆ ಪೂರ್ತಿ ಕೇಳಿಸಿಕೊಂಡವರ ತಲೆಗೆ ಬೀಳುತ್ತದೆ ಎಂಬುದು ಅವರ ವಿವರಣೆ. "ಮನೆಯೆಲ್ಲ ಧೂಳು" ಎಂದು ಅತ್ತೆ ಗಾಳಿಗೆ ಹೇಳಿದಂತೆ ಹೇಳುವುದನ್ನು ಕೇಳಿದ ಸೊಸೆಯಂದಿರು ಇದಕ್ಕೆ ಪ್ರಯೋಗ ಬೇಕಿರಲಿಲ್ಲ ಎಂದಾರು.

ಲೆಕ್ಕ ತಪ್ಪುವುದು ಹೆಚ್ಚಾಗಿ ಹಂಚಿಕೊಂಡ ತಿಳಿವು ಇಲ್ಲದ ಕಡೆ, ಅದರಲ್ಲೂ ಬರವಣಿಗೆಯಲ್ಲಿ. ಊರಿನವರು ಕಚೇರಿಗೆ ಅರ್ಜಿ ಕೊಡುತ್ತಾರೆ. ಕಾಲುಸಂಕ ಕಳೆದ ಮಳೆಯಲ್ಲಿ ಕೊಚ್ಚಿ ಹೋಗಿದೆ, ಮಕ್ಕಳು ಶಾಲೆಗೆ ಹೋಗಲು ಬಹಳ ತೊಂದರೆಯಾಗಿದೆ, ದಯವಿಟ್ಟು ಗಮನಿಸಬೇಕು. ಬರೆದವರಿಗೆ ಇದು ಸ್ಪಷ್ಟವಾದ ಕೋರಿಕೆ, ಯಾಕೆಂದರೆ ಅವರು ಕಾರಣವನ್ನು ಇಟ್ಟಿದ್ದಾರೆ. ಅಲ್ಲಿಂದ "ತಮ್ಮ ಅರ್ಜಿಯನ್ನು ಗಮನಿಸಲಾಗಿದೆ" ಎಂದು ಉತ್ತರ ಬರುತ್ತದೆ. ಅಕ್ಷರಶಃ ನೋಡಿದರೆ ಕೇಳಿದ್ದಕ್ಕೆ ಉತ್ತರ ಬಂದಿದೆ. ಸುಳಿವಿನ ಗುಣವೇ ಅದು, ಕೊಟ್ಟವರೂ ತಾವು ಕೇಳಲಿಲ್ಲ ಎನ್ನಬಹುದು, ಪಡೆದವರೂ ತಮಗೆ ಕೇಳಿಸಲಿಲ್ಲ ಎನ್ನಬಹುದು. ಜಗಲಿಯಲ್ಲಿ ಮುಖ ಉಳಿಸುವ ಈ ಸೌಲಭ್ಯ ಕಚೇರಿಯಲ್ಲಿ ಅರ್ಜಿದಾರರಿಗೇ ತಿರುಗುಬಾಣ. ಯಾವ ಹಳ್ಳದ ಮೇಲೆ, ಎಷ್ಟು ಉದ್ದದ ಸಂಕವನ್ನು, ಯಾವ ತಿಂಗಳೊಳಗೆ ಹಾಕಿಕೊಡಬೇಕು ಎಂದು ಕ್ರಿಯಾಪದ ಸಮೇತ ಬರೆದರೆ ಆ ದಾರಿ ಮುಚ್ಚುತ್ತದೆ.

ಕೋರಿಕೆಯಿಂದ ಹೇಳಿಕೆಗೆ ಬಂದರೆ ಪೆಟ್ಟು ಇನ್ನೂ ಜೋರು. ಉಪನಯನಕ್ಕೆ ಅಡಿಗೆಯವರು ಬೇಕು, ಒಬ್ಬರ ಬಗ್ಗೆ ನೆಂಟರಲ್ಲಿ ವಿಚಾರಿಸುತ್ತೀರಿ. "ಹೇಳಿದ ಹೊತ್ತಿಗೆ ಬತ್ತ. ಬಹಳ ಸ್ವಚ್ಛ" ಎಂದು ಉತ್ತರ. ಕೇಳಿದ್ದು ಅಡಿಗೆಯ ಬಗ್ಗೆ, ಅದರ ಬಗ್ಗೆ ಒಂದು ಮಾತೂ ಇಲ್ಲ. ಹೇಳುವವರಿಗೆ ಗೊತ್ತಿಲ್ಲದೆ ಅಲ್ಲ, ಅವರ ಮನೆಯಲ್ಲೇ ಆತ ಎರಡು ಸಲ ಅಡಿಗೆ ಮಾಡಿದ್ದಾನೆ. ಬೇಕಾದಷ್ಟು ಹೇಳಬೇಕೆಂಬ ನಿಯಮವನ್ನು ಕಣ್ಣೆದುರೇ ಮೀರಿದ್ದಾರೆ, ಆದ್ದರಿಂದ ಅಡಿಗೆ ಚೆನ್ನಾಗಿಲ್ಲ ಎಂದು ನೀವು ತಿಳಿಯುತ್ತೀರಿ. ಇದು ಸೂಚಿತಾರ್ಥ ಹೌದೇ ಎಂದು ಪರೀಕ್ಷಿಸಲು ಗ್ರೈಸ್ ಕೊಟ್ಟ ಒರೆಗಲ್ಲು ಸರಳ. ಅದನ್ನು ಅಳಿಸಿ ನೋಡುವುದು. "ಹೇಳಿದ ಹೊತ್ತಿಗೆ ಬತ್ತ, ಸ್ವಚ್ಛ. ಅಡಿಗೆಯಂತೂ ಕೇಳೋದೇ ಬೇಡ, ಫಸ್ಟ್ ಕ್ಲಾಸ್" ಎಂದು ಮುಂದುವರಿಸಿದರೆ ಸೂಚನೆ ಮಾಯವಾಗುತ್ತದೆ, ಮಾತು ಹಳಿ ತಪ್ಪುವುದಿಲ್ಲ. ಆದರೆ "ಹೊತ್ತಿಗೆ ಬತ್ತ, ಆದ್ರೆ ಹೊತ್ತಿಗೆ ಬತ್ನಿಲ್ಲೆ" ಎನ್ನಲು ಬರುವುದಿಲ್ಲ. ಬಾಯಿಬಿಟ್ಟು ಹೇಳಿದ್ದು ಅಳಿಸಿದರೆ ವಿರೋಧಾಭಾಸವಾಗುತ್ತದೆ, ಸೂಚಿಸಿದ್ದು ಅಳಿಸಿದರೆ ಆಗುವುದಿಲ್ಲ. ಹೆಗಡೆಯವರೂ ಮಳೆಯ ಮಾತಿನ ನಂತರ "ಆದ್ರೂ ನಾಳೆ ಕಳಿಸ್ತೆ" ಎನ್ನಬಹುದಿತ್ತು.

ಅಳಿಸಬಹುದಾದ ಈ ಅರ್ಥಕ್ಕೆ ಹೊಣೆ ಯಾರು? 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ನೇರವಾಗಿ ಈ ಪ್ರಶ್ನೆಯೇ ಬಂತು. ಬ್ರಾನ್‌ಸ್ಟನ್ ಎಂಬ ಸಿನಿಮಾ ನಿರ್ಮಾಪಕರ ಕಂಪನಿಯ ದಿವಾಳಿ ವಿಚಾರಣೆಯಲ್ಲಿ, ಪ್ರಮಾಣ ಮಾಡಿಸಿ ಅವರನ್ನು ಕೇಳಿದ್ದರು. ಸ್ವಿಸ್ ಬ್ಯಾಂಕುಗಳಲ್ಲಿ ನಿಮ್ಮ ಖಾತೆ ಇದೆಯೇ? ಇಲ್ಲ ಸರ್. ಹಿಂದೆ ಎಂದಾದರೂ ಇತ್ತೇ? "ಕಂಪನಿಯದ್ದು ಅಲ್ಲಿ ಸುಮಾರು ಆರು ತಿಂಗಳು ಇತ್ತು, ಜ್ಯೂರಿಕ್‌ನಲ್ಲಿ." ಕಂಪನಿಗೆ ಖಾತೆ ಇದ್ದದ್ದು ನಿಜ. ಆದರೆ ಹಿಂದೆ ಅವರ ಸ್ವಂತ ಹೆಸರಿನಲ್ಲೂ ಖಾತೆ ಇತ್ತು. ಉತ್ತರ ಕೇಳಿದ ಯಾರೇ ಆದರೂ ಸ್ವಂತ ಖಾತೆ ಇರಲಿಲ್ಲ ಎಂದೇ ತಿಳಿಯುತ್ತಾರೆ. ಸುಳ್ಳು ಸಾಕ್ಷ್ಯವೆಂದು ಕೆಳಗಿನ ಕೋರ್ಟುಗಳು ಶಿಕ್ಷೆ ಎತ್ತಿಹಿಡಿದಿದ್ದವು. ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಅಕ್ಷರಶಃ ನಿಜವಾದ ಮಾತು ಸುಳ್ಳು ಸಾಕ್ಷ್ಯವಲ್ಲ, ಉತ್ತರ ಪ್ರಶ್ನೆಗೆ ಹೊಂದಲಿಲ್ಲ ಎಂದು ಕಂಡಾಗ ಬಿಡದೆ ಮತ್ತೆ ಕೇಳುವುದು ವಕೀಲನ ಕೆಲಸ ಎಂದಿತು.

ಈ ತೀರ್ಪನ್ನು ಅಡಿಗೆಯವರ ವಿಷಯಕ್ಕೆ ತಂದರೆ ಹೊಂದುವುದಿಲ್ಲ. ಎದುರಾಳಿ ಸಹಕರಿಸುತ್ತಾನೆ ಎಂದು ಕೋರ್ಟಿನಲ್ಲಿ ಯಾರೂ ನಂಬಿ ಕೂರುವುದಿಲ್ಲ, ಅದಕ್ಕೇ ಪಾಟೀಸವಾಲು ಇರುವುದು. ಜಗಲಿಯಲ್ಲಿ ಆ ನಂಬಿಕೆಯೇ ಬಂಡವಾಳ. ಅಡಿಗೆ ನಿಜಕ್ಕೂ ಚೆನ್ನಾಗಿದ್ದು, ಯಾವುದೋ ಹಳೆಯ ಸಿಟ್ಟಿಗೆ ನೆಂಟರು ಅದರ ಬಗ್ಗೆ ಸುಮ್ಮನಿದ್ದು, ಆ ಅಡಿಗೆಯವರಿಗೆ ಕೆಲಸ ತಪ್ಪಿತು ಎಂದಿಟ್ಟುಕೊಳ್ಳಿ. "ನಾ ಕೆಟ್ಟದು ಅಂತ ಹೇಳಿದ್ನಾ?" ಎಂದು ಅವರು ಎಷ್ಟು ಸಲ ಕೇಳಿದರೂ ಶಿರಸಿ ಸೀಮೆಯ ಯಾವ ಪಂಚಾಯ್ತಿಯೂ ಅವರನ್ನು ಬ್ರಾನ್‌ಸ್ಟನ್ ಅವರನ್ನು ಕೋರ್ಟ್ ಬಿಟ್ಟ ಹಾಗೆ ಬಿಡಲಾರದು.